ಚೀನೀ ಭಾಷೆಯ ಲ, ಗ್ವೊ, ಝ: ಖಾಲಿ ಜಾಗಕ್ಕೆ ಯಾವುದು?

ಪ್ರಶ್ನೆ: ವಾಕ್ಯ ಪೂರ್ತಿ ಮಾಡುವಾಗ ಕ್ರಿಯಾಪದದ ಹಿಂದೆ ಅಂಟಿಕೊಳ್ಳುವ ಪುಟ್ಟ ಪದಗಳಾದ ಲ, ಗ್ವೊ, ಝ ಮೂರೂ ಸರಿ ಅನ್ನಿಸುತ್ತವೆ. ಯಾವುದು ಏನು ಹೇಳುತ್ತದೆ?

ಎಷ್ಟೋ ಸಲ ಮೂರೂ ಸರಿಯೇ, ಅರ್ಥ ಮಾತ್ರ ಬೇರೆ. ‘ಮನ್ ಕಾಯ್ ___’ ತಗೊಳ್ಳಿ. ಮನ್ ಅಂದ್ರೆ ಬಾಗಿಲು, ಕಾಯ್ ಅಂದ್ರೆ ತೆರೆ. ‘ಕಾಯ್ ಲ’ ಅಂದರೆ ಮುಚ್ಚಿದ್ದ ಬಾಗಿಲು ತೆರೆದುಕೊಂಡಿತು. ‘ಕಾಯ್ ಝ’ ಅಂದರೆ ತೆರೆದೇ ಇದೆ. ಯಾವಾಗ ತೆರೆದರು ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ‘ಕಾಯ್ ಗ್ವೊ’ ಅಂದರೆ ಹಿಂದೆ ಯಾವಾಗಲೋ ಒಮ್ಮೆ ತೆರೆದಿದ್ದರು, ಈಗ ಮುಚ್ಚಿರಬೇಕು.

ಹಾಗಂತ ಲ ಕಂಡರೆ ಸುಮ್ನೆ ಭೂತಕಾಲ ಅಂದುಕೊಳ್ಳಬೇಡಿ. ಜಾಸ್ತಿ ಜನ ಎಡವುವುದು ಇಲ್ಲೇ. ‘ಮಿಂಗ್‌ಥ್ಯೆನ್ ಛ್ರ್ ಲ ಫಾನ್ ಜ್ಯೋ ತ್ಸೋ’ ಅಂದರೆ ನಾಳೆ ಊಟ ಮುಗಿಸಿದ ತಕ್ಷಣ ಹೊರಡುವುದು. ನಾಳೆಯ ಮಾತಿನಲ್ಲೂ ಲ ಬಂತು, ಅಲ್ವಾ? ಅದು ಹೇಳುವುದು ಕೆಲಸ ಮುಗಿಯುವುದನ್ನು, ಕಾಲವನ್ನಲ್ಲ.

ಲ, ಗ್ವೊ ನಡುವೆ ಗೊಂದಲವಾದರೆ ವಾಕ್ಯದಲ್ಲಿ ‘ಮೇ’ (ಇಲ್ಲ) ಇದೆಯಾ ನೋಡಿ. ಅದಿದ್ದರೆ ಕ್ರಿಯಾಪದಕ್ಕೆ ಅಂಟುವ ಲ ಸಾಮಾನ್ಯವಾಗಿ ಬಿದ್ದುಹೋಗುತ್ತದೆ, ಗ್ವೊ ಉಳಿಯುತ್ತದೆ. ‘ವೋ ಮೇ ಚ್ಯುಯ್’ ಅಂದರೆ ನಾನು ಹೋಗಲಿಲ್ಲ, ‘ವೋ ಮೇ ಚ್ಯುಯ್ ಗ್ವೊ’ ಅಂದರೆ ಯಾವತ್ತೂ ಹೋಗಿಲ್ಲ.