ನಡುರಾತ್ರಿ ನುಂಗಿದ ಮಾತ್ರೆ, ಬೆಳಗಿನ ಸ್ಕೂಟರ್

ತೀರ್ಥಹಳ್ಳಿ ಕಡೆಯ ಒಂದು ಪ್ರಾಥಮಿಕ ಶಾಲೆಯ ಶಿಕ್ಷಕಿ, ವಯಸ್ಸು 47. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ. ನಿದ್ದೆಯ ತೊಂದರೆಗೆ ಸಲಹೆ ಕೊಡುವ ನನ್ನ ಹತ್ತಿರ ಶಿವಮೊಗ್ಗಕ್ಕೆ ಬಂದಾಗ ಅವರು ನಿದ್ದೆಯ ಮಾತೇ ಎತ್ತಲಿಲ್ಲ. ಅವರ ಚಿಂತೆ ಮರೆವಿನದು. ತಾಯಿಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಇತ್ತು, ತನಗೂ ಅದೇ ಶುರುವಾಯಿತು ಎಂಬ ಭಯ.

"ಬೆಳಿಗ್ಗೆ ಇವರ ಹತ್ರ ಮಾತಾಡಿರ್ತೀನಂತೆ ಮೇಡಂ, ನಂಗೆ ಒಂದೂ ನೆನಪಿರಲ್ಲ. ಮೊನ್ನೆ ಹಾಜರಿ ಪುಸ್ತಕದಲ್ಲಿ ಒಬ್ಬರ ಸಾಲಿಂದು ಇನ್ನೊಬ್ಬರ ಸಾಲಿಗೆ ಗುರುತು ಹಾಕಿದೀನಿ, ಪೂರ್ತಿ ಪುಟ. ಸ್ಕೂಟರ್ ಒಂದು ಸಲ ಚರಂಡಿಗೆ ಇಳೀತು" ಎಂದರು. ಜೊತೆಗೆ ಬಂದಿದ್ದ ಗಂಡ ಮೆಲ್ಲಗೆ ಸೇರಿಸಿದರು: "ಆ ತಿರುವಲ್ಲಿ ಇವ್ಳು ಇಪ್ಪತ್ತು ವರ್ಷದಿಂದ ಗಾಡಿ ಹೊಡೀತಿದಾಳೆ."

ಮರೆವು ಎಲ್ಲ ಹೊತ್ತಿನಲ್ಲೂ ಇದೆಯೇ ಎಂದು ಕೇಳಿದೆ. ಮಧ್ಯಾಹ್ನದ ಮೇಲೆ ಏನೂ ತೊಂದರೆ ಇಲ್ಲ. ಬಿಸಿಯೂಟದ ಲೆಕ್ಕ, ಸ್ವಸಹಾಯ ಸಂಘದ ಲೆಕ್ಕ ಎಲ್ಲ ಸರಿಯಾಗಿಯೇ ಬರೆಯುತ್ತಾರೆ. ತಪ್ಪುಗಳೆಲ್ಲ ಬೆಳಿಗ್ಗೆ ಐದೂವರೆಯಿಂದ ಒಂಬತ್ತರ ಒಳಗೆ, ಅದೂ ಎಲ್ಲ ದಿನ ಅಲ್ಲ. ಇದು ಮಿದುಳಿನ ಕಾಯಿಲೆಯ ರೀತಿಯಲ್ಲ. ರಾತ್ರಿ ಏನು ತೆಗೆದುಕೊಳ್ಳುತ್ತೀರಿ ಎಂದು ಆಗ ಕೇಳಿದೆ.

ಜೋಲ್ಪಿಡೆಮ್ ಎಂಬ ನಿದ್ದೆ ಮಾತ್ರೆ, 5 ಮಿಲಿಗ್ರಾಂ. ವೈದ್ಯರು ಚೀಟಿಯಲ್ಲಿ ಬರೆದದ್ದು "ಮಲಗುವಾಗ ಒಂದು". ಆದರೆ ಅವರಿಗೆ ಮಲಗುವಾಗ ನಿದ್ದೆಯ ತೊಂದರೆಯೇ ಇರಲಿಲ್ಲ. ರಾತ್ರಿ ಎಂಟೂಮುಕ್ಕಾಲಿಗೆ ದಿಂಬಿಗೆ ತಲೆ ಕೊಟ್ಟರೆ ಕಣ್ಣು ಮುಚ್ಚುತ್ತಿತ್ತು. ಎಚ್ಚರವಾಗುತ್ತಿದ್ದದ್ದು ಎರಡೂವರೆಯ ಸುಮಾರಿಗೆ. ಆಮೇಲೆ ತೋಟಕ್ಕೆ ಬಿದ್ದ ಎಲೆಚುಕ್ಕೆ ರೋಗ, ಸೊಸೈಟಿ ಸಾಲ, ಮಗನ ಕಾಲೇಜು ಫೀಸು ಒಂದಾದ ಮೇಲೊಂದು ತಲೆಗೆ ಬರುತ್ತಿದ್ದವು. ಆದ್ದರಿಂದ ಅವರು ಮಾತ್ರೆಯನ್ನು ಮಲಗುವಾಗ ವ್ಯರ್ಥ ಮಾಡದೆ ದಿಂಬಿನ ಪಕ್ಕ ಇಟ್ಟುಕೊಂಡು, ಎಚ್ಚರವಾದ ರಾತ್ರಿ ಮಾತ್ರ ನುಂಗುತ್ತಿದ್ದರು. ಒಂದರಿಂದ ಬೇಗ ನಿದ್ದೆ ಹತ್ತಲಿಲ್ಲವೆಂದು ಕೆಲವು ವಾರಗಳಿಂದ ಎರಡು. ದಿನವೂ ತಿನ್ನುತ್ತಿಲ್ಲವಲ್ಲ, ಅಗತ್ಯವಿದ್ದಾಗ ಮಾತ್ರ ತಾನೇ, ಇದು ಜವಾಬ್ದಾರಿಯ ಬಳಕೆ ಎಂದೇ ಅವರು ನಂಬಿದ್ದರು. ಆ ಯೋಚನೆ ಮೂರ್ಖತನದ್ದಲ್ಲ. ಹೀಗೆಯೇ ಯೋಚಿಸುವವರು ತುಂಬ ಜನ ಇದ್ದಾರೆ, ಅದಕ್ಕೇ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಒಂದು ನೋಟ್‌ಪುಸ್ತಕ ಕೊಟ್ಟು ಎರಡು ವಾರ ನಾಲ್ಕು ಸಂಗತಿ ಬರೆಯಲು ಹೇಳಿದೆ: ಎಚ್ಚರವಾದ ಹೊತ್ತು, ಮಾತ್ರೆ ನುಂಗಿದ ಹೊತ್ತು, ಎದ್ದ ಹೊತ್ತು, ಬೆಳಿಗ್ಗೆ ಆದ ಎಡವಟ್ಟು. ಕೊನೆಯದನ್ನು ಗಂಡನೇ ಬರೆಯಬೇಕು, ಏಕೆಂದರೆ ಆ ಹೊತ್ತಿನ ನೆನಪು ಅವರಿಗೆ ಇರುವುದಿಲ್ಲ. ಆ ಎರಡು ವಾರ ಸ್ಕೂಟರ್ ಮುಟ್ಟುವ ಹಾಗಿಲ್ಲ, ಶಾಲೆಗೆ ಗಂಡ ಬಿಡುತ್ತಾರೆ ಎಂದು ಅಲ್ಲೇ ಒಪ್ಪಂದವಾಯಿತು. ಮಾತ್ರೆ ಒಂದಕ್ಕಿಂತ ಹೆಚ್ಚು ಬೇಡ, ವೈದ್ಯರನ್ನು ಆದಷ್ಟು ಬೇಗ ಕಾಣಬೇಕು ಎಂದೂ ಹೇಳಿ ಕಳಿಸಿದೆ.

ಪುಸ್ತಕ ತಿರುಗಿ ಬಂದಾಗ ವಿಷಯ ಕಣ್ಣಿಗೆ ಕಟ್ಟುವಂತಿತ್ತು. ಮಾತ್ರೆ ಇಲ್ಲದೆ ಎರಡೂವರೆಯಿಂದ ನಾಲ್ಕೂವರೆವರೆಗೆ ಹೊರಳಾಡಿದ ರಾತ್ರಿಗಳ ಮರುದಿನ ಅವರಿಗೆ ಸುಸ್ತು, ಸಿಡುಕು, ಕಣ್ಣುರಿ. ಆದರೆ ಮಾತು ಮರೆತದ್ದಿಲ್ಲ, ಕೈ ತಪ್ಪಿದ್ದಿಲ್ಲ. ಎರಡೂವರೆಯ ಮೇಲೆ ಮಾತ್ರೆ ನುಂಗಿದ ದಿನಗಳಲ್ಲಿ ಗಂಡನ ಅಕ್ಷರದಲ್ಲಿ ಹೀಗಿತ್ತು: "ಹಾಲು ಕಾಯಿಸಿ ಒಲೆ ಆರಿಸಲಿಲ್ಲ." "ಮಗನ ಫೋನ್ ಬಂದಿತ್ತು, ಮಾತಾಡಿದಳು, ಮಧ್ಯಾಹ್ನ ಕೇಳಿದರೆ ಗೊತ್ತೇ ಇಲ್ಲ." ನೆಗಡಿಗೆಂದು ಸಂಜೆ ಸೆಟ್ರಿಜಿನ್ ಕೂಡ ತೆಗೆದುಕೊಂಡಿದ್ದ ದಿನ ಹತ್ತು ಗಂಟೆಯವರೆಗೂ ನಡಿಗೆ ಸ್ವಲ್ಪ ತಡವರಿಸಿತ್ತು. ನಮ್ಮ ಮಳೆಗಾಲದಲ್ಲಿ ನೆಗಡಿ ಮಾತ್ರೆ ಇಲ್ಲದ ಮನೆಯಿಲ್ಲ. ತೂಕಡಿಕೆ ತರುವ ಯಾವ ಮಾತ್ರೆಯಾದರೂ ಇದರ ಜೊತೆ ಸೇರಿದರೆ ಮಂಪರು ಹೆಚ್ಚುತ್ತದೆ ಎಂಬುದು ಹಲವರಿಗೆ ಹೊಳೆಯುವುದಿಲ್ಲ.

ಅವರಿಗೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಶಿಕ್ಷಕಿಯಾದ್ದರಿಂದ ಬೇಗ ಹಿಡಿದರು. ಸಾಮಾನ್ಯ ಜೋಲ್ಪಿಡೆಮ್ ನುಂಗಿದ ಸುಮಾರು ಒಂದೂವರೆ ಗಂಟೆಗೆ ರಕ್ತದಲ್ಲಿ ಅದರ ಪ್ರಮಾಣ ತುತ್ತತುದಿಗೆ ಏರುತ್ತದೆ. 10 ಮಿಲಿಗ್ರಾಂಗೆ ಅದು ಸರಾಸರಿ 120 ನ್ಯಾನೋಗ್ರಾಂ, ಪ್ರತಿ ಮಿಲಿಲೀಟರ್ ರಕ್ತಕ್ಕೆ. ಅಲ್ಲಿಂದ ಹೆಚ್ಚುಕಡಿಮೆ ಎರಡೂವರೆ ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಪ್ರಮಾಣ 50ಕ್ಕಿಂತ ಮೇಲಿದ್ದರೆ ವಾಹನ ಓಡಿಸುವ ಸಾಮರ್ಥ್ಯ ಕುಗ್ಗಿ ಅಪಘಾತದ ಅಪಾಯ ಹೆಚ್ಚುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳಿದೆ.

ಈಗ ಅದೇ ಎರಡು ಮಾತ್ರೆಯನ್ನು ರಾತ್ರಿ 10ಕ್ಕೆ ನುಂಗಿದರೆಂದುಕೊಳ್ಳಿ. ಹನ್ನೊಂದೂವರೆಗೆ 120, ಎರಡಕ್ಕೆ 60, ನಾಲ್ಕೂವರೆಗೆ 30, ಬೆಳಿಗ್ಗೆ 7ಕ್ಕೆ 15. ಏರಿಕೆಯೂ ಇಳಿತವೂ ನಿದ್ದೆಯೊಳಗೇ ಮುಗಿದವು. ಎರಡೂಮುಕ್ಕಾಲಿಗೆ ನುಂಗಿದರೆ? ನಾಲ್ಕೂಕಾಲಿಗೆ 120. ಐದೂವರೆಗೆ ಅಲಾರಂ ಹೊಡೆದಾಗ ಇನ್ನೂ 85ರ ಆಸುಪಾಸು. ಆರೂಮುಕ್ಕಾಲಿಗೆ 60. ಏಳಕ್ಕೆ ಅವರು ಸ್ಕೂಟರ್ ಕೀಲಿ ತಿರುಗಿಸುತ್ತಿದ್ದರು.

ಪೆನ್ನು ಕೆಳಗಿಟ್ಟು ಅವರು ಸುಮ್ಮನೆ ಕುಳಿತರು. "ಆದ್ರೆ ನಂಗೆ ನಿದ್ದೆಗಣ್ಣು ಅನ್ನಿಸ್ತಾನೇ ಇರ್ಲಿಲ್ಲ ಮೇಡಂ. ಪೂರ್ತಿ ಎಚ್ಚರ ಆಗಿತ್ತು."

ಈ ಮಾತ್ರೆಯ ಮಟ್ಟಿಗೆ ಹೆಚ್ಚು ಅಪಾಯ ಇರುವುದು ಇಲ್ಲಿಯೇ. ಚೆನ್ನಾಗಿ ಎಚ್ಚರವಾಗಿದೆ ಎಂದು ಅನ್ನಿಸುವಾಗಲೂ ಕೈಕಾಲು, ಗಮನ, ನೆನಪು ಪೂರ್ತಿ ಹತೋಟಿಗೆ ಬಂದಿರದೆ ಇರಬಹುದು. ಹೊಸದನ್ನು ನೆನಪಿಗೆ ಹಾಕಿಕೊಳ್ಳುವ ಶಕ್ತಿಯನ್ನೇ ಔಷಧ ಕೆಲ ಗಂಟೆ ತಡೆದಿರುತ್ತದೆ. ಆದ್ದರಿಂದ ಬೆಳಗಿನ ಮಾತು ಮರೆತುಹೋದದ್ದಲ್ಲ, ಅದು ನೆನಪಾಗಿ ಉಳಿದೇ ಇರಲಿಲ್ಲ. ಕಾಫಿ ಕುಡಿದೆ, ತಣ್ಣೀರು ಎರಚಿಕೊಂಡೆ ಎಂದರೆ ರಕ್ತದಲ್ಲಿರುವುದು ಇಳಿಯುವುದಿಲ್ಲ. ಮಾತ್ರೆ ನುಂಗಿದ ಮೇಲೆ ಕಳೆದ ಗಂಟೆಗಳೊಂದೇ ಇಲ್ಲಿ ನಂಬಬಹುದಾದ ಅಳತೆ.

ನನ್ನ ಲೆಕ್ಕ ಸರಾಸರಿಯದು ಎಂಬುದನ್ನೂ ಹೇಳಿದೆ. ಒಬ್ಬೊಬ್ಬರ ದೇಹ ಒಂದೊಂದು ವೇಗದಲ್ಲಿ ಈ ಔಷಧವನ್ನು ಕಳೆಯುತ್ತದೆ. ಹೆಂಗಸರಲ್ಲಿ ಅದು ನಿಧಾನ. 10 ಮಿಲಿಗ್ರಾಂ ತೆಗೆದುಕೊಂಡು 8 ಗಂಟೆ ಕಳೆದ ಮೇಲೂ ಸುಮಾರು ನೂರಕ್ಕೆ 15 ಹೆಂಗಸರಲ್ಲಿ ಪ್ರಮಾಣ 50ರ ಮೇಲೇ ಇತ್ತು, ಗಂಡಸರಲ್ಲಿ ನೂರಕ್ಕೆ 3 ಮಂದಿಯಲ್ಲಿ. ಅದನ್ನು ನೋಡಿಯೇ 2013ರಲ್ಲಿ ಎಫ್‌ಡಿಎ ಹೆಂಗಸರಿಗೆ ಶಿಫಾರಸಾಗುವ ಡೋಸನ್ನು 10ರಿಂದ 5ಕ್ಕೆ ಇಳಿಸಿತು. ವಯಸ್ಸಾದವರಲ್ಲಿ, ಲಿವರ್ ತೊಂದರೆ ಇರುವವರಲ್ಲಿ ಔಷಧ ಇನ್ನೂ ಹೆಚ್ಚು ಹೊತ್ತು ಉಳಿಯುತ್ತದೆ.

"ಹಂಗಾದ್ರೆ ರಾತ್ರಿ ಅರ್ಧ ಮಾತ್ರೆ ಮುರಿದು ತಗೊಳ್ಳಬಹುದಾ?" ಎಂದು ಗಂಡ ಕೇಳಿದರು. ಸಹಜ ಪ್ರಶ್ನೆ. ನಡುರಾತ್ರಿಯ ಎಚ್ಚರಕ್ಕೆಂದೇ ನಾಲಿಗೆಯಡಿ ಕರಗುವ ಬೇರೆ ಜೋಲ್ಪಿಡೆಮ್ ಮಾತ್ರೆಗೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಹೆಂಗಸರಿಗೆ 1.75 ಮಿಲಿಗ್ರಾಂ, ಗಂಡಸರಿಗೆ 3.5. ಅಷ್ಟು ಕಡಿಮೆ ಡೋಸಿಗೂ ಎಫ್‌ಡಿಎ ಹಾಕಿದ ಷರತ್ತು: ಏಳುವುದಕ್ಕೆ ಕನಿಷ್ಠ 4 ಗಂಟೆ ಬಾಕಿ ಇರಬೇಕು, ರಾತ್ರಿಗೆ ಒಂದೇ ಸಲ. ಎರಡೂಮುಕ್ಕಾಲಿಂದ ಐದೂವರೆಗೆ ಮೂರು ಗಂಟೆಯೂ ಇಲ್ಲ. ಇವರ ಹತ್ತಿರ ಇರುವ ಸಾಮಾನ್ಯ ಮಾತ್ರೆಗಂತೂ 7ರಿಂದ 8 ಗಂಟೆ ಬೇಕು. ಮುರಿದ ತುಂಡು ಆ ನಾಲಿಗೆಯಡಿಯ ಮಾತ್ರೆಯಂತೆ ಕರಗಿ ಸೇರುವುದೂ ಇಲ್ಲ, ಅಳತೆಯೂ ನಿಖರವಲ್ಲ. ನಿಧಾನವಾಗಿ ಬಿಡುಗಡೆಯಾಗುವ ಜೋಲ್ಪಿಡೆಮ್ ಮಾತ್ರೆಯನ್ನಂತೂ ಮುರಿಯಲೇಬಾರದು.

ನಾನು ಕೊಟ್ಟ ಸಲಹೆ ಹೀಗಿತ್ತು. ಮಾತ್ರೆ ಬೇಕೋ ಬೇಡವೋ, ಎಷ್ಟು, ಎಷ್ಟು ದಿನ ಎಂಬುದನ್ನು ತೀರ್ಮಾನಿಸುವವರು ವೈದ್ಯರು, ನಾನಲ್ಲ. ನೋಟ್‌ಪುಸ್ತಕವನ್ನು ಹಾಗೆಯೇ ಅವರ ಮುಂದಿಡಿ, ಎರಡು ಮಾತ್ರೆಯ ಸಂಗತಿಯನ್ನು ಮುಚ್ಚಿಡಬೇಡಿ, ನೆಗಡಿ ಮಾತ್ರೆಯನ್ನೂ ಹೇಳಿ. ರಾತ್ರಿ ಮೈ ಬಿಸಿಯಾಗಿ ಬೆವರಿ ಏಳುತ್ತೀರಿ ಎಂದಿರಲ್ಲ, ಅದನ್ನು ತಪ್ಪದೆ ಹೇಳಿ, ಮುಟ್ಟು ನಿಲ್ಲುವ ಕಾಲದ ಆ ತೊಂದರೆಗೆ ಬೇರೆಯೇ ಚಿಕಿತ್ಸೆ ಇದೆ. ನಿದ್ದೆಯಲ್ಲಿ ಎದ್ದು ಓಡಾಡಿದ್ದು, ಅಡುಗೆ ಮಾಡಿದ್ದು ಇದೆಯೇ ಎಂದೂ ವಿಚಾರಿಸಿದೆ, ಇರಲಿಲ್ಲ. ಇದ್ದಿದ್ದರೆ ಈ ಔಷಧವನ್ನು ಮತ್ತೆ ಮುಟ್ಟುವಂತಿರಲಿಲ್ಲ. ವೈದ್ಯರನ್ನು ಕಾಣುವವರೆಗೆ ಒಂದೇ ನಿಯಮ: ಗಡಿಯಾರದಲ್ಲಿ ರಾತ್ರಿ 10 ದಾಟಿದರೆ ಅಂದಿಗೆ ಮಾತ್ರೆ ಇಲ್ಲ. ಸ್ಟ್ರಿಪ್ಪು ದಿಂಬಿನ ಹತ್ತಿರ ಬೇಡ, ಗಂಡನ ಬೀರುವಿನಲ್ಲಿರಲಿ. ನಿದ್ದೆಗಣ್ಣಿನಲ್ಲಿ "ಇವತ್ತೊಂದು ದಿನ" ಎಂದು ಕೈ ಚಾಚುವುದು ಸುಲಭ, ಎದ್ದು ಹೋಗಿ ಗಂಡನನ್ನು ಎಬ್ಬಿಸಿ ಕೇಳುವುದು ಕಷ್ಟ.

ನಿದ್ದೆಯ ಕೆಲಸ ಇದಕ್ಕಿಂತ ನಿಧಾನದ್ದು. ಅವರ ದೇಹಕ್ಕೆ ಸಿಗುತ್ತಿದ್ದದ್ದು ಸುಮಾರು ಆರು ಗಂಟೆಯ ನಿದ್ದೆ, ಹಾಸಿಗೆಯಲ್ಲಿ ಕಳೆಯುತ್ತಿದ್ದದ್ದು ಒಂಬತ್ತರ ಹತ್ತಿರ. ಎಂಟೂಮುಕ್ಕಾಲಿಗೆ ಮಲಗಿದವರಿಗೆ ಎರಡೂವರೆಗೆ ಎಚ್ಚರವಾದರೆ ಅಷ್ಟರಲ್ಲಿ ಹೆಚ್ಚಿನ ಪಾಲು ನಿದ್ದೆ ಮುಗಿದೇ ಇರುತ್ತದೆ. ಆದ್ದರಿಂದ ಮಲಗುವ ಹೊತ್ತನ್ನು ಹತ್ತೂವರೆಗೆ ತಳ್ಳಿದೆವು, ಏಳುವುದು ಭಾನುವಾರವೂ ಐದೂವರೆಗೇ. ಎಚ್ಚರವಾಗಿ ನಿದ್ದೆ ಬರದೆ ಸ್ವಲ್ಪ ಹೊತ್ತಾಯಿತು ಅನ್ನಿಸಿದರೆ ಗಂಟೆ ನೋಡದೆ, ಮೊಬೈಲ್ ಹಿಡಿಯದೆ ಎದ್ದು ಜಗಲಿಯ ಮಂದ ದೀಪದಲ್ಲಿ ಕೂರುವುದು, ಕಣ್ಣು ಎಳೆಯತೊಡಗಿದಾಗ ಮಾತ್ರ ಹಾಸಿಗೆಗೆ ಮರಳುವುದು. ಸಾಲದ ಲೆಕ್ಕವನ್ನು ಸಂಜೆ ಆರಕ್ಕೆ ಗಂಡನ ಜೊತೆ ಕೂತು ಬರೆಯುವುದು. ಮೊದಲ ಒಂದೆರಡು ವಾರ ಹಗಲು ತೂಕಡಿಕೆ ಹೆಚ್ಚೇ ಆಗಬಹುದು ಎಂದು ಮೊದಲೇ ಎಚ್ಚರಿಸಿದೆ. ಆ ದಿನಗಳಲ್ಲೂ ಸ್ಕೂಟರ್ ಇಲ್ಲ.

ವೈದ್ಯರು ಜೋಲ್ಪಿಡೆಮ್ ನಿಲ್ಲಿಸಿದರು. ವಾರಕ್ಕೆ ಎರಡು ಮೂರು ರಾತ್ರಿಯ ಬಳಕೆಯಾದ್ದರಿಂದ ಹಂತ ಹಂತವಾಗಿ ಇಳಿಸುವ ಅಗತ್ಯ ಅವರಿಗೆ ಕಾಣಲಿಲ್ಲ. ದಿನವೂ ತಿನ್ನುತ್ತಿರುವವರು ಮಾತ್ರ ತಾವಾಗಿಯೇ ಒಮ್ಮೆಲೇ ಬಿಡಬಾರದು. ಬೆವರಿಗೆ ಬೇರೆ ಔಷಧ ಶುರುವಾಯಿತು. ಮೊದಲ ನಾಲ್ಕೈದು ರಾತ್ರಿ ನಿದ್ದೆ ತೀರಾ ಕೆಟ್ಟಿತು, ಗಂಡ ಫೋನ್ ಮಾಡಿ ಬೇಸರಪಟ್ಟುಕೊಂಡರು. ಎರಡನೇ ತಿಂಗಳಿಗೆ ಎಚ್ಚರವಾಗುವುದು ಮೂರೂವರೆಯ ಆಚೆಗೆ ಹೋಗಿ, ವಾರಕ್ಕೊಂದೆರಡು ರಾತ್ರಿಗೆ ಇಳಿಯಿತು. ಬೆಳಗಿನ ಮರೆವು ಮಾತ್ರೆ ನಿಂತ ವಾರದಲ್ಲೇ ಹೋಗಿತ್ತು. ಸಮಾಧಾನಕ್ಕೆಂದು ವೈದ್ಯರು ಮಾಡಿದ ನೆನಪಿನ ಪರೀಕ್ಷೆಯಲ್ಲೂ ಏನೂ ಕುಂದು ಕಾಣಲಿಲ್ಲ.

ಈಗಲೂ ಎಚ್ಚರವಾಗಿ ಕಳೆದ ರಾತ್ರಿಯ ಮರುದಿನ ಅವರು ಏಳೂಕಾಲಿನ ಬಸ್ಸು ಹಿಡಿಯುತ್ತಾರೆ, ಸ್ಕೂಟರನ್ನು ಗಂಡ ಸಂಜೆಗೆ ಶಾಲೆಯ ಹತ್ತಿರ ತಂದು ಕೊಡುತ್ತಾರೆ.