‘ಲೇಆಫ್’ ಅಂತ ಬರೆಯುವ ಮೊದಲು

“ಪೀಣ್ಯದ ಬಿಡಿಭಾಗ ಕಾರ್ಖಾನೆಯೊಂದರಲ್ಲಿ ಎಚ್‌ಆರ್ ಆಗಿದ್ದೇನೆ. ಮುಂದಿನ ವಾರ 42 ಕಾರ್ಮಿಕರನ್ನು ತೆಗೆಯುತ್ತಿದ್ದೇವೆ. ನಾನು ಬರೆದ ಪತ್ರಿಕಾ ಪ್ರಕಟಣೆಯಲ್ಲಿ ಆರ್ಡರ್ ಕಡಿಮೆಯಾದ ವಿಷಯ, ‘ಬೇಸರವಾಗಿದೆ’ ಎಂಬ ಮಾತು ಎರಡನ್ನೂ ವಕೀಲರು ಹೊಡೆದುಹಾಕಿದರು. ಉಳಿದದ್ದು ಓದಿದರೆ ನನಗೇ ನಾಚಿಕೆ. ಏನು ಮಾಡಲಿ?”
— ಹೆಸರು ಬೇಡ, ಬೆಂಗಳೂರು

ನೀವು ಕಳಿಸಿದ ಪ್ರತಿ ಓದಿದೆ. ಉಳಿದಿರುವುದು ಇಷ್ಟು: “ಕಾರ್ಯಕ್ಷಮತೆ ಪರಿಶೀಲಿಸಿ 42 ಸದಸ್ಯರನ್ನು ಲೇಆಫ್ ಮಾಡಿ ಸಂಸ್ಥೆಯನ್ನು ಚುರುಕುಗೊಳಿಸಲಾಗುತ್ತಿದೆ. ಅವರಿಗೆ ಎಲ್ಲ ರೀತಿಯ ನೆರವು ಸಿಗಲಿದೆ. ಉಳಿದವರ ಕೆಲಸ ಸುರಕ್ಷಿತ.”

ತಮಾಷೆ ಅಂದ್ರೆ, ವಕೀಲರು ತೆಗೆದದ್ದರಲ್ಲಿ ಅಂಥ ಅಪಾಯವಿರಲಿಲ್ಲ. ಬಿಟ್ಟದ್ದರಲ್ಲಿದೆ.

ಮೊದಲು ‘ಲೇಆಫ್’. ಐಟಿಯವರ ಬಾಯಲ್ಲಿ ಅದು ಕೆಲಸ ಹೋಯಿತು ಅಂತ. ನಮ್ಮ ಕಾರ್ಮಿಕ ಕಾನೂನಿನಲ್ಲಿ ಅರ್ಥವೇ ಬೇರೆ: ಕೆಲಸ ಕೊಡಲಾಗದೆ ತಾತ್ಕಾಲಿಕವಾಗಿ ಮನೆಗೆ ಕಳಿಸುವುದು. ಕಾರ್ಖಾನೆಯ ಹಾಜರಿ ಪಟ್ಟಿಯಾದ ಮಸ್ಟರ್ ರೋಲ್‌ನಲ್ಲಿ ಹೆಸರು ಉಳಿದಿರುತ್ತದೆ. ನೀವು ಮಾಡುತ್ತಿರುವುದು ರಿಟ್ರೆಂಚ್‌ಮೆಂಟ್. ಸುಮ್ನೆ “ಕೆಲಸದಿಂದ ತೆಗೆಯುತ್ತಿದ್ದೇವೆ” ಎಂದು ಬರೆಯಿರಿ. ಓದಿದವರು “ವಾಪಸ್ ಕರೀತಾರಾ?” ಎಂದು ಕೇಳಬೇಕಾಗಿಲ್ಲ.

ಇನ್ನು ‘ಕಾರ್ಯಕ್ಷಮತೆ’. ಇದು ನನಗೆ ಜಾಸ್ತಿ ಸಿಟ್ಟು ತರಿಸಿದ ಪದ. ಆರ್ಡರ್ ಇಲ್ಲದ್ದಕ್ಕೆ ಲೈನ್ ಮುಚ್ಚುತ್ತಿದ್ದೀರಿ, ಆದರೆ 42 ಜನರ ಹಣೆಗೆ ದಡ್ಡರೆಂಬ ಚೀಟಿ ಅಂಟಿಸುತ್ತಿದ್ದೀರಿ. ಮುಂದಿನ ಕಾರ್ಖಾನೆಯ ಗೇಟಿನಲ್ಲಿ ಅವರನ್ನು ಕೇಳುವುದು ಇದನ್ನೇ ಅಲ್ವಾ? ಕಾನೂನಿಗೂ ಇದು ಒಳ್ಳೆಯದಲ್ಲ. ಪ್ರತಿಯೊಬ್ಬರ ಕೈಗೆ ಕೊಡುವ ನೋಟಿಸಿನಲ್ಲಿ ಕಾರಣ ಬರೆಯಬೇಕು, ಸರ್ಕಾರಕ್ಕೂ ತಿಳಿಸಬೇಕು. ಅಲ್ಲಿ ‘ಆರ್ಡರ್ ಇಲ್ಲ’, ಇಲ್ಲಿ ‘ಕಾರ್ಯಕ್ಷಮತೆ’ ಎಂದಿದ್ದರೆ ಎದುರು ಪಕ್ಷದ ವಕೀಲರು ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಡುತ್ತಾರೆ. ಹಾಗಾಗಿ ಮೂರೂ ಕಡೆ ಒಂದೇ ಕಾರಣ, ಆದಷ್ಟೂ ಒಂದೇ ವಾಕ್ಯ.

‘ಎಲ್ಲ ರೀತಿಯ ನೆರವು’, ‘ಉಳಿದವರ ಕೆಲಸ ಸುರಕ್ಷಿತ’ ಎರಡೂ ಬೇಡ. ಮೊದಲನೆಯದಕ್ಕೆ ಲೆಕ್ಕವಿಲ್ಲ. ಎರಡನೆಯದು ನಾಳೆ ನಿಮ್ಮ ಮೇಲೇ ತಿರುಗುತ್ತದೆ.

ನಾನಾದರೆ ಹೀಗೆ ಬರೆಯುತ್ತಿದ್ದೆ:

“ಆರ್ಡರ್ ಕಡಿಮೆಯಾದ ಕಾರಣ ಒಂದು ಉತ್ಪಾದನಾ ಲೈನ್ ಮುಚ್ಚುತ್ತಿದ್ದೇವೆ. ಇದರಿಂದ 42 ಕಾರ್ಮಿಕರು ಕೆಲಸ ಕಳೆದುಕೊಳ್ಳುತ್ತಾರೆ. ಇದು ಅವರ ಕೆಲಸದ ಗುಣಮಟ್ಟದ ಮೇಲಿನ ತೀರ್ಮಾನವಲ್ಲ. ಎಲ್ಲರಿಗೂ ಒಂದು ತಿಂಗಳ ನೋಟಿಸ್ ಅವಧಿಯ ಸಂಬಳ, ಪೂರೈಸಿದ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನ, ಅರ್ಹರಿಗೆ ಗ್ರಾಚ್ಯುಟಿ ಕೊಡುತ್ತೇವೆ. ಈ ನಿರ್ಧಾರ ನಮಗೆ ಬೇಸರ ತಂದಿದೆ.”

ಈ ಹಣ ಕಾನೂನಿನ ಪ್ರಕಾರ ಕೊಡಲೇಬೇಕಾದದ್ದು. ಅದನ್ನು ‘ಉದಾರ ಪ್ಯಾಕೇಜ್’ ಎನ್ನಬೇಡಿ. ಜಾಸ್ತಿ ಕೊಡುತ್ತಿದ್ದರೆ ಆ ಮೊತ್ತ ಬರೆಯಿರಿ. ಕೊನೆಗೆ ಸೇರಿದವರನ್ನು ಮೊದಲು ತೆಗೆಯುವ ಕ್ರಮ ಬಿಟ್ಟಿದ್ದರೆ ಕಾರಣ ಕಡತದಲ್ಲಿರಲಿ, ಪ್ರಕಟಣೆಯಲ್ಲಿ ಬೇಡ. ತೆಗೆದವರ ಹೆಸರೂ ಬೇಡ.

ಒಮ್ಮೆ ಒಂದು ಕಂಪನಿ ಬೆಳಿಗ್ಗೆ 9ಕ್ಕೆ ನಮಗೆ ಪ್ರಕಟಣೆ ಕಳಿಸಿತ್ತು. ನಮ್ಮ ವರದಿಗಾರ ಪರಿಚಯದ ಕಾರ್ಮಿಕನಿಗೆ ಫೋನ್ ಮಾಡಿದ. ಆತ ಶಿಫ್ಟಿಗೆ ಹೋಗುವ ಬಸ್ಸಿನಲ್ಲಿದ್ದ. ಸುದ್ದಿ ಗೊತ್ತಾದದ್ದೇ ನಮ್ಮಿಂದ. 42ನೆಯವರ ಕೈಗೆ ಪತ್ರ ಸಿಕ್ಕ ಮೇಲೆ ನಮಗೆ ಮೇಲ್ ಕಳಿಸಿ. ಸಂಜೆ ಆದರೂ ಕಾಯುತ್ತೇವೆ.

— ಸಂ.