ಅರಬ್ಬಿ ಗ್ರಂಥ ಲ್ಯಾಟಿನ್ ಆದ ಬಗೆ

ಅರಬ್ಬಿ ತತ್ತ್ವಗ್ರಂಥಗಳು ಲ್ಯಾಟಿನ್‌ಗೆ, ಹೀಬ್ರೂಗೆ ಬಂದದ್ದು ಹೇಗೆ?

ಲ್ಯಾಟಿನ್‌ಗೆ ಹಲವು ಸಲ ಇಬ್ಬರು ಸೇರಿ ತಂದರು. 12ನೇ ಶತಮಾನದಲ್ಲಿ ಸ್ಪೇನಿನ ಟೊಲೆಡೊದಲ್ಲಿ ತತ್ತ್ವಜ್ಞಾನಿ ಇಬ್ನ್ ಸೀನಾನ ಆತ್ಮವಿಚಾರದ ಗ್ರಂಥವನ್ನು ಯಹೂದಿ ವಿದ್ವಾಂಸ ಅವೆಂಡೌತ್ ಒಂದೊಂದೇ ಪದವಾಗಿ ಊರಿನ ಆಡುಮಾತಿನಲ್ಲಿ ಹೇಳುತ್ತಿದ್ದ. ಪಾದ್ರಿ ಗುಂಡಿಸಾಲಿನಸ್ ಅದನ್ನು ಲ್ಯಾಟಿನ್‌ನಲ್ಲಿ ಬರೆದುಕೊಳ್ಳುತ್ತಿದ್ದ. ಎರಡು ಸಲ ಭಾಷೆ ದಾಟಿದ ಮಾತು ಅಲ್ಲಲ್ಲಿ ತೊಡಕಾಗುವುದು ಸಹಜ.

ಹೀಬ್ರೂ ದಾರಿ ಸಲೀಸು. ಅದು ಅರಬ್ಬಿಯ ದಾಯಾದಿ ಭಾಷೆ. ಎರಡರಲ್ಲೂ ಸಾಮಾನ್ಯವಾಗಿ ಮೂರು ವ್ಯಂಜನಗಳ ಧಾತುವಿನಿಂದ ಪದ ಹುಟ್ಟುತ್ತದೆ. ಹಾಗಾಗಿ ದಕ್ಷಿಣ ಫ್ರಾನ್ಸಿನ ಅನುವಾದಕರು ಅರಬ್ಬಿ ಅಚ್ಚಿನಲ್ಲೇ ಹೊಸ ಹೀಬ್ರೂ ಪದ ಎರಕಹೊಯ್ದರು. ಈ ನಿಷ್ಠೆಯೇ ಮುಂದೆ ಕೈಹಿಡಿಯಿತು: ಪ್ಲೇಟೋನ ‘ರಿಪಬ್ಲಿಕ್’ ಮೇಲೆ ತತ್ತ್ವಜ್ಞಾನಿ ಇಬ್ನ್ ರುಶ್ದ್ ಬರೆದ ವ್ಯಾಖ್ಯಾನದ ಅರಬ್ಬಿ ಮೂಲ ಸಿಕ್ಕಿಲ್ಲ. 14ನೇ ಶತಮಾನದ ಹೀಬ್ರೂ ಅನುವಾದ ಉಳಿಯಿತು, ಅದರಿಂದಲೇ ಲ್ಯಾಟಿನ್ ಓದುಗರಿಗೂ ಆ ಕೃತಿ ದಕ್ಕಿತು.